ಬೇರೆ ಕಂಪನಿಯ ಬೀಟಾ ತಗೊಂಡು ನಮ್ಮ 70:30 ಪ್ರಾಜೆಕ್ಟ್‌ಗೆ ಹೊಂದಿಸಿದ್ದು ಹೇಗೆ: ನನ್ನ ಅನುಭವ

ಚಿತ್ರದುರ್ಗದ ಕಡೆ ಒಂದು ಸೋಲಾರ್ ಪ್ರಾಜೆಕ್ಟ್‌ಗೆ ಈಕ್ವಿಟಿ ಹಾಕೋರು ಎಷ್ಟು ರಿಟರ್ನ್ ಕೇಳ್ಬೇಕು ಅಂತ ಲೆಕ್ಕ ಹಾಕೋ ಕೆಲಸ ನನ್ನದಾಗಿತ್ತು. ಒಟ್ಟು ವೆಚ್ಚ 200 ಕೋಟಿ, ಅದ್ರಲ್ಲಿ 140 ಕೋಟಿ ಬ್ಯಾಂಕ್ ಸಾಲ, 60 ಕೋಟಿ ಈಕ್ವಿಟಿ. (ಅಂಕಿಗಳನ್ನ ಸ್ವಲ್ಪ ಬದಲಾಯಿಸಿ ದುಂಡಗೆ ಮಾಡಿದೀನಿ, ಲೆಕ್ಕದ ದಾರಿ ಮಾತ್ರ ಅದೇ.) ಪ್ರಾಜೆಕ್ಟ್ ಷೇರು ಮಾರ್ಕೆಟ್‌ನಲ್ಲಿ ಇಲ್ಲ, ಅಂದ್ಮೇಲೆ ಅದಕ್ಕೆ ಬೀಟಾ, ಅಂದ್ರೆ ಮಾರ್ಕೆಟ್ ಅಲ್ಲಾಡಿದಾಗ ಷೇರು ಎಷ್ಟು ಅಲ್ಲಾಡತ್ತೆ ಅನ್ನೋ ಅಳತೆ, ಎಲ್ಲಿಂದ ಬರತ್ತೆ? ಲಿಸ್ಟ್ ಆಗಿರೋ ವಿದ್ಯುತ್ ಕಂಪನಿಗಳಿಂದ ತಗೋಬೇಕು. ಆದ್ರೆ ಅವುಗಳ ಸಾಲ ನಮ್ಮಷ್ಟಿಲ್ಲ, ಹಾಗಾಗಿ ಅವರ ಸಾಲದ ಪರಿಣಾಮ ತೆಗೆದು ನಮ್ಮ ಸಾಲದ ಪರಿಣಾಮ ಸೇರಿಸ್ಬೇಕು.

ಕೆಲವು ಕಂಪನಿ ನೋಡಿದೆ, ಇಲ್ಲಿ ಒಂದನ್ನ ಪೂರ್ತಿ ತೋರಿಸ್ತೀನಿ. ಎರಡು ವರ್ಷದ ವಾರದ ರಿಟರ್ನ್ ತಗೊಂಡು ನಿಫ್ಟಿ 500 ಎದುರಿಗೆ ಇಟ್ಟು ಎಕ್ಸೆಲ್‌ನಲ್ಲಿ ಇಷ್ಟು:

```
=SLOPE(C2:C105,D2:D105)
=INDEX(LINEST(C2:C105,D2:D105,TRUE,TRUE),2,1)
```

ಮೊದಲನೇದು ಬೀಟಾ, 1.10 ಬಂತು. ಎರಡನೇದು ಅದರ ಸ್ಟಾಂಡರ್ಡ್ ಎರರ್, ಇದನ್ನ ತುಂಬಾ ಜನ ನೋಡೋದೇ ಇಲ್ಲ. ಅದು 0.2 ಇದ್ರೆ ನಿಜವಾದ ಬೀಟಾ 0.7 ಇಂದ 1.5ರ ನಡುವೆ ಎಲ್ಲಾದ್ರೂ ಇರಬಹುದು, ಅದಕ್ಕೇ ಒಂದೇ ಕಂಪನಿ ನಂಬ್ಕೊಂಡು ಕೂರಬಾರ್ದು. ದಿನಾ ಟ್ರೇಡ್ ಆಗದ ಸಣ್ಣ ಷೇರುಗಳನ್ನ ನಾನು ಬಿಟ್ಟೇಬಿಟ್ಟೆ, ಅವುಗಳ ಬೆಲೆ ಮಾರ್ಕೆಟ್‌ಗಿಂತ ತಡವಾಗಿ ಅಲ್ಲಾಡತ್ತೆ, ಬೀಟಾ ಸುಳ್ಳಾಗಿ ಕಮ್ಮಿ ಕಾಣತ್ತೆ.

ಈಗ ಆ ಕಂಪನಿಯ ಡಿ/ಇ, ಅಂದ್ರೆ ಈಕ್ವಿಟಿಗೆ ಹೋಲಿಸಿದ್ರೆ ಸಾಲದ ಅನುಪಾತ, ಎಷ್ಟು? ಇಲ್ಲೇ ಲೆಕ್ಕ ಜಾಸ್ತಿ ಕೆಡೋದು. ನೆಟ್ ಸಾಲ 1800 ಕೋಟಿ, ಅದ್ರಲ್ಲಿ ಗೊಂದಲ ಇಲ್ಲ. ಈಕ್ವಿಟಿಗೆ ಮಾತ್ರ ಮೂರು ಸಂಖ್ಯೆ ಸಿಗತ್ತೆ: ಬ್ಯಾಲೆನ್ಸ್ ಶೀಟ್‌ನಲ್ಲಿ 1200 ಕೋಟಿ, ಇವತ್ತಿನ ಮಾರ್ಕೆಟ್ ಕ್ಯಾಪ್ 4500 ಕೋಟಿ, ಎರಡು ವರ್ಷದ ಸರಾಸರಿ ಮಾರ್ಕೆಟ್ ಕ್ಯಾಪ್ 3000 ಕೋಟಿ. ನಾನು ತಗೊಂಡಿದ್ದು 3000, ಯಾಕಂದ್ರೆ 1.10 ಅನ್ನೋ ಬೀಟಾ ಆ ಎರಡು ವರ್ಷದ ಏರಿಳಿತದಿಂದ ಬಂದಿದ್ದು, ಆ ಅವಧೀಲಿ ಷೇರುದಾರರ ಮೇಲಿದ್ದ ಸಾಲದ ಭಾರ ಸರಾಸರಿ 0.6, ಇವತ್ತಿನ 0.4 ಅಲ್ಲ. ಮೂರರಲ್ಲೂ ಮುಂದಿನ ಸೂತ್ರ ಹಾಕಿ ನೋಡಿದೆ. ಬುಕ್ ಈಕ್ವಿಟಿ ಹಾಕಿದ್ರೆ ಸಾಲ ತೆಗೆದ ಬೀಟಾ 0.57, ಇವತ್ತಿನ ಬೆಲೆ ಹಾಕಿದ್ರೆ 0.87, ಸರಾಸರಿ ಹಾಕಿದ್ರೆ 0.79. ಒಂದೇ ಕಂಪನಿ, ಒಂದೇ ಬೀಟಾ, ಉತ್ತರ ಎಷ್ಟು ದೂರ ದೂರ ನೋಡಿ.

ಸೂತ್ರದ ವಿಷ್ಯ. ಎಲ್ರಿಗೂ ಗೊತ್ತಿರೋದು ರಾಬರ್ಟ್ ಹಮಾಡಾದು, 1972ರದ್ದು, ಅದನ್ನ ನಾವು ಬಳಸೋ ರೂಪದಲ್ಲಿ ಸಾಲಕ್ಕೆ ಬೀಟಾ ಸೊನ್ನೆ ಅಂತ ಅಂದ್ಕೊಳ್ತೀವಿ. ಸಾಲ ಕಮ್ಮಿ ಇರೋ ದೊಡ್ಡ ಕಂಪನಿಗೆ ಇದು ನಡೆಯತ್ತೆ. ಆದ್ರೆ 70:30 ಪ್ರಾಜೆಕ್ಟ್‌ಗೆ ಇದನ್ನೇ ಹಾಕಿದ್ರೆ ಪ್ರಾಜೆಕ್ಟ್‌ನ ಪೂರ್ತಿ ರಿಸ್ಕ್ ಆ 30 ಭಾಗದ ಈಕ್ವಿಟಿ ಮೇಲೆ ಬಿತ್ತು, ಬ್ಯಾಂಕಿಗೆ ಏನೂ ರಿಸ್ಕ್ ಇಲ್ಲ ಅಂತ ಹೇಳಿದ ಹಾಗೆ. ಅದೇ ಬ್ಯಾಂಕು ಮಾತ್ರ 9.5% ಬಡ್ಡಿ ಕೇಳ್ತಿದೆ, ಸರ್ಕಾರಿ ಬಾಂಡ್ 7% ಇರೋವಾಗ! ಹಾಗಾಗಿ ನಾನು ಸಾಲದ ಬೀಟಾ ಇರೋ ರೂಪವನ್ನೇ ಬಳಸೋದು:

```
bU = (bE + bD*(1-t)*D/E) / (1 + (1-t)*D/E)
bE = bU + (bU - bD)*(1-t)*D/E
```

ಮೇಲಿನ ಸಾಲು ತೆಗೆಯೋಕೆ, ಕೆಳಗಿನದು ಸೇರಿಸೋಕೆ. bE ಈಕ್ವಿಟಿಯ ಬೀಟಾ, bD ಸಾಲದ್ದು, bU ಸಾಲದ ಪರಿಣಾಮ ತೆಗೆದದ್ದು, t ತೆರಿಗೆ ದರ. ತೆರಿಗೆ 25.17% ಅಂತ ಹಿಡಿದೆ. ಸಾಲದ ಬೀಟಾ ಎಷ್ಟು ಅಂತ ಯಾರೂ ಅಳೆದು ಕೊಡಲ್ಲ, ಬಡ್ಡಿಯಿಂದಾನೇ ಅಂದಾಜು ಮಾಡ್ಬೇಕು. ನಮ್ಮ ಸಾಲದ ಬಡ್ಡಿ 7%ಗಿಂತ 2.5 ಜಾಸ್ತಿ. ಅದ್ರಲ್ಲಿ ಒಂದಷ್ಟು, ನಾನು 1 ಅಂತ ಹಿಡಿದೆ, ಸಾಲ ಮುಳುಗಿದ್ರೆ ಆಗೋ ನಷ್ಟಕ್ಕೆ ಬ್ಯಾಂಕು ಮೊದಲೇ ಎತ್ತಿಟ್ಕೊಳ್ಳೋದು. ಉಳಿದ 1.5 ಮಾತ್ರ ಮಾರ್ಕೆಟ್ ರಿಸ್ಕ್‌ಗೆ ಸಿಗೋ ಪ್ರತಿಫಲ. ಮಾರ್ಕೆಟ್ ರಿಸ್ಕ್ ಪ್ರೀಮಿಯಂ, ಸರ್ಕಾರಿ ಬಾಂಡ್‌ಗಿಂತ ಷೇರು ಮಾರ್ಕೆಟ್ ಜಾಸ್ತಿ ಕೊಡಬೇಕಾದದ್ದು, 6% ಅಂದ್ರೆ 1.5/6 = 0.25. ಲಿಸ್ಟ್ ಆಗಿರೋ ಆ ಕಂಪನಿ ಸಾಲ ಹೆಚ್ಚು ಭದ್ರ, ಅದಕ್ಕೆ 0.10 ಹಾಕಿದೆ.

ಸಾಲ ತೆಗೆದಾಗ 0.79 ಬಂತು. ನಮ್ಮ ಡಿ/ಇ 140/60, ಅಂದ್ರೆ 2.33, ಅದನ್ನ ಸೇರಿಸಿದ್ರೆ 1.73. ಈಕ್ವಿಟಿ ವೆಚ್ಚ, ಅಂದ್ರೆ ಈಕ್ವಿಟಿ ಹಾಕೋರು ಕೇಳ್ಬೇಕಾದ ರಿಟರ್ನ್, 7 + 1.73×6, ಸುಮಾರು 17.4%. ಏನೂ ಮಾಡದೆ 1.10 ಹಾಗೇ ಎತ್ತಿ ಹಾಕಿದ್ರೆ 13.6% ಬರ್ತಿತ್ತು. ಸಾಲದ ಬೀಟಾ ಸೊನ್ನೆ ಅಂತ ಎರಡೂ ಕಡೆ ಹಾಕಿದ್ರೆ 0.76 ಆಗಿ, ಆಮೇಲೆ 2.08 ಆಗಿ 19.5% ಬರ್ತಿತ್ತು.

17.4 ಸರಿ, 19.5 ತಪ್ಪು ಅಂತ ಹೇಗೆ ಹೇಳ್ತೀರಿ ಅಂತ ಕೇಳಬಹುದು. ಅದಕ್ಕೊಂದು ಪರೀಕ್ಷೆ ಇದೆ, ನಾನಂತೂ ಪ್ರತಿ ಮಾಡೆಲ್‌ನಲ್ಲೂ ಒಂದು ಸಾಲು ಇದಕ್ಕೇ ಇಡ್ತೀನಿ. ಸಾಲವೇ ಇಲ್ಲದಿದ್ರೆ ಪ್ರಾಜೆಕ್ಟ್‌ನ ವೆಚ್ಚ 7 + 0.79×6 = 11.74%. ಈ ಸೂತ್ರದ ಪ್ರಕಾರ ವ್ಯಾಕ್, ಅಂದ್ರೆ ಸಾಲ ಮತ್ತು ಈಕ್ವಿಟಿ ಎರಡರ ಪಾಲಿನ ಪ್ರಕಾರ ತೆಗೆದ ಸರಾಸರಿ ವೆಚ್ಚ, ಇದಕ್ಕಿಂತ ಕಮ್ಮಿಯಾಗೋದು ಬಡ್ಡಿಯ ತೆರಿಗೆ ಉಳಿತಾಯದಿಂದ ಮಾತ್ರ, ಅಂದ್ರೆ 11.74×(1 − 0.2517×0.7) = 9.67%. ಈಗ ಇನ್ನೊಂದು ದಾರೀಲಿ ಬನ್ನಿ: 0.3×17.4 + 0.7×8.5×0.7483 = 9.67%. ಕೂಡಿ ಬಂತು. ಇಲ್ಲಿ 8.5 ಹಾಕಿದ್ದು ಗಮನಿಸಿ, ಅದು 7 + 0.25×6, ಮುಳುಗೋ ನಷ್ಟ ಕಳೆದ್ಮೇಲೆ ಬ್ಯಾಂಕಿಗೆ ನಿಜವಾಗಿ ಸಿಗೋದು. ಸೊನ್ನೆ ಬೀಟಾದ 19.5% ಜೊತೆ 9.5% ಬಡ್ಡಿ ಹಾಕಿ ವ್ಯಾಕ್ ಮಾಡಿದ್ರೆ 10.8% ಬರತ್ತೆ, ಆದ್ರೆ ಅದೇ ಊಹೆಯ ಪ್ರಕಾರ ಬರಬೇಕಿದ್ದದ್ದು 9.5%. ಒಂದೇ ರಿಸ್ಕ್‌ಗೆ ಈಕ್ವಿಟಿಯವರಿಗೂ ದುಡ್ಡು ಕೊಟ್ಟು ಬ್ಯಾಂಕಿಗೂ ದುಡ್ಡು ಕೊಟ್ಟ ಹಾಗಾಯ್ತು. ಹಿಂಗೆ ಮಾಡಿ ಒಳ್ಳೆ ಪ್ರಾಜೆಕ್ಟ್‌ಗಳನ್ನ ಬೇಡ ಅಂತ ಬಿಡೋದು ನೋಡಿದ್ರೆ ನಂಗೆ ನಿಜವಾಗಲೂ ಬೇಜಾರಾಗತ್ತೆ.

ಇನ್ನೊಂದು ವಿಷ್ಯ ಉಳಿದಿದೆ. 2.33 ಅನ್ನೋದು ಖರ್ಚಿನ ಲೆಕ್ಕದ ಅನುಪಾತ, ಮಾರ್ಕೆಟ್ ಮೌಲ್ಯದ್ದಲ್ಲ. ಪ್ರಾಜೆಕ್ಟ್‌ನ ಎನ್‌ಪಿವಿ, ಅಂದ್ರೆ ಮುಂದೆ ಬರೋ ಹಣದ ಇವತ್ತಿನ ಬೆಲೆಯಿಂದ ಖರ್ಚು ಕಳೆದು ಉಳಿಯೋದು, 20 ಕೋಟಿ ಬಂದ್ರೆ ಈಕ್ವಿಟಿಯ ಬೆಲೆ 60 ಅಲ್ಲ 80, ಡಿ/ಇ 1.75ಕ್ಕೆ ಇಳೀತು, ಬೀಟಾ 1.50, ಈಕ್ವಿಟಿ ವೆಚ್ಚ 16%. ಆ ಹೊಸ ದರ ಹಾಕಿದ್ರೆ ಎನ್‌ಪಿವಿ ಮತ್ತೆ ಬದಲಾಗತ್ತೆ, ಸುತ್ತಿಕೊಂಡು ಹೋಗೋ ಲೆಕ್ಕ ಇದು. ಸಾಲದಲ್ಲೂ ಹಾಗೇ, ಕಂತು ಕಟ್ತಾ ಕಟ್ತಾ ಡಿ/ಇ ಇಳೀತಾ ಹೋಗತ್ತೆ. ಅನುಪಾತ 1 ಆದಾಗ ಈಕ್ವಿಟಿ ವೆಚ್ಚ 14.2%, ಸಾಲ ಪೂರ್ತಿ ತೀರಿದ್ಮೇಲೆ 11.7%. ಇಪ್ಪತ್ತೈದು ವರ್ಷಕ್ಕೂ ಒಂದೇ 17.4% ಹಾಕಿದ್ರೆ ಕೊನೆಯ ವರ್ಷಗಳ ಹಣ, ಅಂದ್ರೆ ಸಾಲ ತೀರಿ ಎಲ್ಲಾ ಈಕ್ವಿಟಿಯವರ ಕೈಗೇ ಬರೋ ಕಾಲದ್ದು, ತುಂಬಾ ಕಮ್ಮಿ ಬೆಲೆಗೆ ಹೋಗತ್ತೆ. ಹಾಗಾಗಿ ಕೊನೆಗೆ ನಾನು ಸಾಲವಿಲ್ಲದ ನಗದು ಹರಿವನ್ನ 11.74% ಅಲ್ಲಿ ಡಿಸ್ಕೌಂಟ್ ಮಾಡಿ, ಪ್ರತಿ ವರ್ಷದ ಬಡ್ಡಿಯ ತೆರಿಗೆ ಉಳಿತಾಯವನ್ನ ಬೇರೆಯಾಗಿ ಸೇರಿಸಿದೆ. 17.4 ಅನ್ನೋದು ಮೊದಲ ವರ್ಷಗಳಲ್ಲಿ ಈಕ್ವಿಟಿಯವರ ಜೊತೆ ಮಾತಾಡೋಕೆ ಮಾತ್ರ ಇಟ್ಕೊಂಡೆ.

ಈ ಸೂತ್ರ ಸರಿಮಾಡೋದು ಸಾಲದ ರಿಸ್ಕ್ ಮಾತ್ರ. ಆ ಕಂಪನಿ ಒಂದಷ್ಟು ವಿದ್ಯುತ್ತನ್ನ ಎಕ್ಸ್‌ಚೇಂಜ್‌ನಲ್ಲಿ ಆಯಾ ದಿನದ ಬೆಲೆಗೆ ಮಾರತ್ತೆ, ನಮ್ಮದು ಪೂರ್ತಿ 25 ವರ್ಷದ ಒಪ್ಪಂದದ ದರ. ಹಾಗಾಗಿ ನಮ್ಮ ಆಸ್ತಿಯ ನಿಜವಾದ ಬೀಟಾ 0.79ಕ್ಕಿಂತ ಕಮ್ಮಿ ಇರ್ಬೇಕು ಅನ್ನೋದು ನನ್ನ ಅಭಿಪ್ರಾಯ. ವರದೀಲಿ 0.79 ಇಟ್ಟು, ಪಕ್ಕದಲ್ಲೇ 0.65 ಹಾಕಿದ್ರೆ ಎನ್‌ಪಿವಿ ಎಷ್ಟಾಗತ್ತೆ ಅಂತಾನೂ ತೋರಿಸಿದೆ.