ಲಿಸ್ಟಿಂಗ್ ಆದ ಮೇಲೆ ಕೊಳ್ಳುವುದು: ಶಿಡ್ಲಘಟ್ಟದಿಂದ ನನ್ನ ಅನುಭವ

ಐಪಿಒ ವಿಷಯದಲ್ಲಿ ನಮ್ಮ ಶಿಡ್ಲಘಟ್ಟದಲ್ಲಿ ಎಲ್ಲರದ್ದೂ ಒಂದೇ ಲೆಕ್ಕ. ಅರ್ಜಿ ಹಾಕು, ಅಲಾಟ್ ಆದ್ರೆ ಲಿಸ್ಟಿಂಗ್ ದಿನವೇ ಮಾರು, ಆಗದಿದ್ರೆ ಮರೆತುಬಿಡು. ನಾನು ಮಾಡುವುದು ಉಲ್ಟಾ. ಅರ್ಜಿ ಹಾಕುವುದೇ ಇಲ್ಲ. ಲಿಸ್ಟ್ ಆಗಿ ಗಲಾಟೆ ಇಳಿದ ಮೇಲೆ ಕೊಳ್ಳುತ್ತೇನೆ, ಮೊದಲ ತಿಂಗಳು ಮುಗಿಯುವ ಮುಂಚೆ ಹೊರಗೆ ಬರುತ್ತೇನೆ. ಶುರು ಮಾಡಿದಾಗ ನಮ್ಮ ಭಾವ ನೇರವಾಗಿ ಹೇಳಿದ್ದರು: "ಬೇರೆಯವರು ಲಾಭ ತಗೊಂಡು ಬಿಸಾಕಿದ್ದನ್ನ ನೀನು ಆರಿಸ್ಕೊಳ್ತೀಯಲ್ಲಪ್ಪ, ಇದೆಂಥಾ ವ್ಯಾಪಾರ?" ಮೊದಲ ವರ್ಷ ಸುಮಾರು 70 ಸಾವಿರ ಹೋಯಿತು. ಎರಡನೇ ವರ್ಷ ಸಮ-ಸಮ. ಕಳೆದ ವರ್ಷ ಎಂಟು ಲಕ್ಷದ ಆಸುಪಾಸಿನ ಬಂಡವಾಳದಲ್ಲಿ ತೆರಿಗೆ ಕಳೆದು ಒಂದೂಮುಕ್ಕಾಲು ಲಕ್ಷ ಉಳಿದಿದೆ. ಈಗ ಭಾವನೇ ಫೋನ್ ಮಾಡಿ "ಹೊಸದು ಯಾವುದಾದ್ರೂ ನೋಡಿದ್ಯಾ?" ಅಂತ ಕೇಳುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಯಾವುದನ್ನು ಮುಟ್ಟುವುದಿಲ್ಲ ಅಂತ ಹೇಳಿಬಿಡುತ್ತೇನೆ, ನನ್ನ ದುಡ್ಡು ಜಾಸ್ತಿ ಹೋಗಿದ್ದೇ ಅಲ್ಲಿ. ಒಟ್ಟು ಇಶ್ಯೂ 250 ಕೋಟಿಯ ಒಳಗಿದ್ದರೆ ಆ ಷೇರು ಮೊದಲ 10 ಟ್ರೇಡಿಂಗ್ ದಿನ ಟ್ರೇಡ್ ಟು ಟ್ರೇಡ್‌ನಲ್ಲಿ ಇರುತ್ತದೆ, ಶೇ 5ರ ಸರ್ಕ್ಯೂಟ್ ಜೊತೆಗೆ. ಇದು ನಿಮಗೆಲ್ಲ ಗೊತ್ತು. ಆದರೆ ಇದರ ಪೆಟ್ಟು ಎಷ್ಟು ಅಂತ ಸಿಕ್ಕಿಬಿದ್ದ ಮೇಲೆಯೇ ಅರ್ಥವಾಗುವುದು. ಸೋಮವಾರ ಕೊಂಡರೆ ಷೇರು ಡಿಮ್ಯಾಟ್‌ಗೆ ಬರುವುದು ಮಂಗಳವಾರ, ನೆಮ್ಮದಿಯಾಗಿ ಮಾರಲು ಆಗುವುದು ಬುಧವಾರ. ಅಷ್ಟರಲ್ಲಿ ಎರಡು ಲೋವರ್ ಸರ್ಕ್ಯೂಟ್ ಬಿದ್ದರೆ ಶೇ 10 ಹೋಯಿತು. ಬುಧವಾರ ಮಾರಲು ಕೂತರೆ ಮಾರುವವರ ಸಾಲು ಲಕ್ಷಗಟ್ಟಲೆ, ಕೊಳ್ಳುವ ಕಡೆ ಸೊನ್ನೆ. ಒಂದು ಸಣ್ಣ ಕಂಪನಿಯಲ್ಲಿ 60 ಸಾವಿರ ಹಾಕಿ, ಐದಾರು ದಿನ ಹೀಗೇ ಕೂತು, 42 ಸಾವಿರಕ್ಕೆ ಬಿಡಿಸಿಕೊಂಡೆ. ಬೆಳಗ್ಗೆ 9 ಗಂಟೆಗೆ ಸರಿಯಾಗಿ ಆರ್ಡರ್ ಹಾಕಿದರೂ ನನ್ನ ಮುಂದೆ ಸಾಲು ಇದ್ದೇ ಇರುತ್ತಿತ್ತು.

ಎಸ್‌ಎಂಇ ಕಡೆಗೂ ಹೋಗುವುದಿಲ್ಲ. ಅಲ್ಲಿ ಲಾಟ್ ಲೆಕ್ಕದಲ್ಲೇ ಕೊಳ್ಳಬೇಕು, ಅರ್ಧ ಮಾರಿ ಅರ್ಧ ಇಟ್ಟುಕೊಳ್ಳುವ ನನ್ನ ಪದ್ಧತಿ ನಡೆಯಲ್ಲ. ಎನ್‌ಎಸ್‌ಇ 2024ರ ಜುಲೈನಲ್ಲಿ ಎಸ್‌ಎಂಇ ಲಿಸ್ಟಿಂಗ್ ಬೆಲೆ ಇಶ್ಯೂ ಬೆಲೆಗಿಂತ ಶೇ 90ಕ್ಕಿಂತ ಮೇಲೆ ಹೋಗದಂತೆ ಮಿತಿ ಹಾಕಿತು. ಅದರಿಂದ ಮೊದಲ ದಿನದ ಬೆಲೆ ಇನ್ನೂ ಗೊಂದಲ. ಶೇ 90ಕ್ಕೇ ಮುಟ್ಟಿ ನಿಂತರೆ ಅದು ಜನ ಒಪ್ಪಿದ ಬೆಲೆಯೋ, ಮಿತಿಯಿಂದ ನಿಂತ ಬೆಲೆಯೋ ಗೊತ್ತಾಗುವುದಿಲ್ಲ.

ಹಾಗಾಗಿ ಮೈನ್‌ಬೋರ್ಡ್, 250 ಕೋಟಿಗಿಂತ ಮೇಲಿನ ಇಶ್ಯೂ ಮಾತ್ರ. ಅದರಲ್ಲೂ ಮೊದಲ ದಿನ ಒಂದು ಷೇರೂ ಕೊಳ್ಳುವುದಿಲ್ಲ. ಬೆಳಗ್ಗೆ ಪ್ರೀ-ಓಪನ್‌ನಲ್ಲಿ ಹೊರಡುವ ಬೆಲೆ, 10 ಗಂಟೆಯ ನಂತರ ಓಡುವ ಬೆಲೆ, ಎರಡೂ ನಂಬುವಂಥದ್ದಲ್ಲ. ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ಮೊದಲ ಸುತ್ತಿನ ಹರಾಜು ನೋಡಿ ಯಾವ ರೀಲರೂ ಆ ದಿನದ ರೇಟು ತೀರ್ಮಾನಿಸಲ್ಲ, ಇದೂ ಹಾಗೇ. ಕಾರಣ ಸರಳ. ಇಶ್ಯೂನಲ್ಲಿ ಶೇ 30ರಷ್ಟು ಆಂಕರ್‌ಗಳ ಕೈಯಲ್ಲಿ ಲಾಕ್ ಆಗಿರಬಹುದು, ನಷ್ಟದಲ್ಲಿರುವ ಕಂಪನಿಯಾದರೆ ಇನ್ನೂ ಜಾಸ್ತಿ. ಪ್ರಮೋಟರ್, ಹಳೇ ಹೂಡಿಕೆದಾರರು ಮಾರುವಂತಿಲ್ಲ. ಉಳಿದ ಸ್ವಲ್ಪ ಷೇರೇ ಬೆಳಗಿನಿಂದ ಸಂಜೆವರೆಗೆ ಕೈ ಬದಲಾಯಿಸುತ್ತಿರುತ್ತದೆ. 2021ರ ನವೆಂಬರ್ 18ರಂದು ಪೇಟಿಎಂ 2150ರ ಇಶ್ಯೂ, 1950ಕ್ಕೆ ತೆರೆದು ಸಂಜೆ 1560ರ ಹತ್ತಿರ ನಿಂತಿತು. "ಇಶ್ಯೂ ಬೆಲೆಗಿಂತ 200 ರೂಪಾಯಿ ಕಮ್ಮಿ ಸಿಗ್ತಿದೆ" ಅಂತ ಬೆಳಗ್ಗೆ ಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ಇದರ ಉಲ್ಟಾ ದಾರಿಯನ್ನೂ ಪ್ರಯತ್ನಿಸಿದೆ. ಮೊದಲ ದಿನ ಇಂಟ್ರಾಡೇನಲ್ಲಿ ಶಾರ್ಟ್ ಮಾಡುವುದು. ಎರಡು ಸಲ ಲಾಭ ಬಂತು, ಮೂರನೇದರಲ್ಲಿ ಆ ಲಾಭವೆಲ್ಲ ಹೋಗಿ ಅಸಲಿಗೂ ಕೈ ಬಿತ್ತು. ಓಲಾ ಎಲೆಕ್ಟ್ರಿಕ್ ಲಿಸ್ಟ್ ಆದ ದಿನ ನೆನಪಿದೆಯಲ್ವಾ, 2024ರ ಆಗಸ್ಟ್ 9? ಇಶ್ಯೂ ಬೆಲೆ 76, ಲಿಸ್ಟ್ ಆಗಿದ್ದೂ 76ಕ್ಕೇ. ಏನೂ ಇಲ್ಲ ಅಂದುಕೊಂಡವರ ಕಣ್ಣೆದುರೇ ಶೇ 20 ಅಪ್ಪರ್ ಸರ್ಕ್ಯೂಟ್, 91.20. ಶಾರ್ಟ್ ಮಾಡಿದವರಿಗೆ ವಾಪಸ್ ಕೊಳ್ಳಲು ಮಾರುವವರೇ ಇಲ್ಲ. ಸಂಜೆಯೊಳಗೆ ಮುಚ್ಚದಿದ್ದರೆ ಆಕ್ಷನ್, ಅಲ್ಲಿನ ದಂಡ ಬೇರೆ. ಅವತ್ತಿನಿಂದ ಹೊಸ ಷೇರಿನಲ್ಲಿ ಶಾರ್ಟ್ ಅನ್ನುವ ಮಾತೇ ಇಲ್ಲ.

ಈಗ ನಾನು ಮಾಡುವ ಕ್ರಮ. ಮೊದಲ ದಿನದ ಮೇಲಿನ ಬೆಲೆ, ಕೆಳಗಿನ ಬೆಲೆ, ಒಟ್ಟು ವಾಲ್ಯೂಮ್, ಈ ಮೂರನ್ನು ಡೈರಿಯಲ್ಲಿ ಬರೆದಿಡುತ್ತೇನೆ. ಆಮೇಲೆ ವಾಲ್ಯೂಮ್ ಒಣಗುವುದನ್ನು ಕಾಯುತ್ತೇನೆ. ಮೊದಲ ದಿನದ ಹತ್ತನೇ ಒಂದು ಭಾಗಕ್ಕೂ ಕೆಳಗೆ ಬರಬೇಕು. ಹಾಗೆ ಬಂದಾಗ ಬೆಲೆ ಮೊದಲ ದಿನದ ತಳ ಮುರಿಯದೆ ಮೂರು ದಿನ ಚಿಕ್ಕ ವ್ಯಾಪ್ತಿಯಲ್ಲಿ ಮುಗಿದರೆ, ಮಾರಬೇಕಾದವರು ಮಾರಿ ಮುಗಿಸಿದ್ದಾರೆ ಅಂತ ಅರ್ಥ. ಆ ಚಿಕ್ಕ ವ್ಯಾಪ್ತಿಯ ಮೇಲೆ ದಿನ ಮುಗಿಸಿದ ಮರುದಿನ ನಾನು ಕೊಳ್ಳುತ್ತೇನೆ. ತಳ ಮುರಿದರೆ ಪಟ್ಟಿಯಿಂದಲೇ ತೆಗೆದುಹಾಕುತ್ತೇನೆ. ಹತ್ತರಲ್ಲಿ ಆರೇಳು ಹೀಗೇ ಹೋಗುತ್ತವೆ, ಬೇಜಾರು ಮಾಡಿಕೊಳ್ಳಬಾರದು.

ಎಷ್ಟು ಕೊಳ್ಳಬೇಕು ಅನ್ನುವುದು ಇದಕ್ಕಿಂತ ಮುಖ್ಯ. ಎಷ್ಟು ದುಡ್ಡಿದೆ ಅಂತ ನಾನು ನೋಡುವುದಿಲ್ಲ. ಮಧ್ಯಾಹ್ನ 1ರಿಂದ 2ರ ನಡುವೆ, ಮಾರ್ಕೆಟ್ ಮಲಗಿರುವ ಹೊತ್ತಿನಲ್ಲಿ, 15 ನಿಮಿಷಕ್ಕೆ ಎಷ್ಟು ಷೇರು ಓಡುತ್ತದೆ ನೋಡುತ್ತೇನೆ. ಅದರ ಶೇ 2 ನನ್ನ ಮಿತಿ. ಬೆಳಗ್ಗೆ ಕೊಳ್ಳುವಾಗ ಎಲ್ಲ ಸುಲಭ. ಕೆಟ್ಟ ಸುದ್ದಿ ಬಂದ ಮಧ್ಯಾಹ್ನ ಮಾರಬೇಕಾದಾಗ ಈ ಲೆಕ್ಕವೇ ಕಾಪಾಡುವುದು.

ಒಂದು ಷೇರಿನ ಪೂರ್ತಿ ಕಥೆ ಹೇಳುತ್ತೇನೆ, ಹೆಸರು ಬೇಡ. ಇಶ್ಯೂ 400 ಕೋಟಿಯ ಹತ್ತಿರ, ಬೆಲೆ 260. 318ಕ್ಕೆ ಲಿಸ್ಟ್ ಆಯಿತು, 341 ಮುಟ್ಟಿತು, 296ಕ್ಕೆ ಇಳಿಯಿತು, 302ಕ್ಕೆ ನಿಂತಿತು. ಅವತ್ತು ಒಂದೂವರೆ ಕೋಟಿ ಷೇರು ಓಡಿತ್ತು. ಎರಡನೇ ದಿನ 40 ಲಕ್ಷ, ಮೂರನೇ ದಿನ 13 ಲಕ್ಷ, ಐದನೇ ದಿನ 9 ಲಕ್ಷ. ಬೆಲೆ 298ರಿಂದ 309ರ ನಡುವೆ ಓಡಾಡಿಕೊಂಡಿತ್ತು. ಆರನೇ ದಿನ 14 ಲಕ್ಷ ವಾಲ್ಯೂಮ್‌ನಲ್ಲಿ 311ಕ್ಕೆ ಮುಗಿಯಿತು. ಮಧ್ಯಾಹ್ನದ 15 ನಿಮಿಷಕ್ಕೆ 17-18 ಸಾವಿರ ಷೇರು, ಅಂದರೆ ನನ್ನ ಪಾಲು 350. ಮರುದಿನ ಮೊದಲ ಅರ್ಧ ಗಂಟೆ ಬಿಟ್ಟು ಮೂರು ಕಂತಿನಲ್ಲಿ ಲಿಮಿಟ್ ಆರ್ಡರ್ ಹಾಕಿ ಸರಾಸರಿ 313ಕ್ಕೆ ತಗೊಂಡೆ. ಸ್ಟಾಪ್ 297. ಹೋದರೆ 5600 ರೂಪಾಯಿ, ಅದಕ್ಕೆ ಮನಸ್ಸು ಮೊದಲೇ ಸಿದ್ಧ.

ಮೊದಲ ದಿನದ 341 ಬಂದಾಗ ಅರ್ಧ ಮಾರಿದೆ. ಯಾವ ಷೇರಾದರೂ ಅಲ್ಲಿ ಮಾರುತ್ತೇನೆ, ಏಕೆಂದರೆ ಮೊದಲ ದಿನ ತುದಿಯಲ್ಲಿ ಕೊಂಡು ಸಿಕ್ಕಿಬಿದ್ದವರು "ಹಾಕಿದ ದುಡ್ಡು ಬಂದ್ರೆ ಸಾಕು" ಅಂತ ಕಾಯುತ್ತಿರುವುದು ಅಲ್ಲೇ. ಉಳಿದರ್ಧ 358ಕ್ಕೆ ಹೋಯಿತು. ಒಟ್ಟು 12 ಸಾವಿರದ ಮೇಲೆ, ಶಾರ್ಟ್ ಟರ್ಮ್ ತೆರಿಗೆ ಶೇ 20 ಕಳೆದರೆ ಹತ್ತು ಸಾವಿರ. ದೊಡ್ಡ ಮೊತ್ತವಲ್ಲ, ಸರಿ. ಆದರೆ ಇಂಥವು ವರ್ಷಕ್ಕೆ ಸುಮಾರು ಸಿಗುತ್ತವೆ.

ಸ್ಟಾಪ್ ಹಾಕುವ ರೀತಿ ಬೇರೆಯೇ ಇರಬೇಕು. ನಿಫ್ಟಿ ಷೇರಿನಲ್ಲಿ ಟ್ರಿಗರ್ 212, ಲಿಮಿಟ್ 211.50 ಅಂತ ಹಾಕಿದರೆ ನಡೆಯುತ್ತದೆ. ಹೊಸ ಷೇರಿನಲ್ಲಿ ಹಾಗೆ ಹಾಕಿದ್ದೆ. ಡೆಪ್ತ್ ತೆರೆದು ನೋಡಿದರೆ ಕೊಳ್ಳುವ ಕಡೆ 213ರಲ್ಲಿ 40 ಷೇರು, ಅದರ ಕೆಳಗೆ ನೇರವಾಗಿ 208ರಲ್ಲಿ 25, 207ರಲ್ಲಿ 110. ನಡುವೆ ಖಾಲಿ. ಯಾರೋ 500 ಷೇರು ಮಾರಿದ್ದೇ ತಡ, ಬೆಲೆ 213ರಿಂದ ಒಂದೇ ಜಿಗಿತಕ್ಕೆ 207ಕ್ಕೂ ಕೆಳಗೆ. ನನ್ನ ಆರ್ಡರ್ ಟ್ರಿಗರ್ ಆಗಿ 211.50ರಲ್ಲಿ ನೇತಾಡುತ್ತಾ ಉಳಿಯಿತು. ಸಂಜೆ 199ಕ್ಕೆ ಮಾರಿದೆ. ಈಗ ಟ್ರಿಗರ್‌ಗೂ ಲಿಮಿಟ್‌ಗೂ ಶೇ 2ರಷ್ಟು ಅಂತರ ಇಡುತ್ತೇನೆ. ಮೇಲೆ ಹೇಳಿದ 297ಕ್ಕೆ ಲಿಮಿಟ್ 291 ಇತ್ತು. ಕೊಳ್ಳುವ ಮುಂಚೆ ಡೆಪ್ತ್‌ನ ಐದೂ ಸಾಲು ನೋಡುತ್ತೇನೆ, ಐದನೇ ಸಾಲು ಮೊದಲನೆಯದಕ್ಕಿಂತ ಶೇ 1ಕ್ಕಿಂತ ದೂರ ಇದ್ದರೆ ಅವತ್ತು ಬೇಡ. ಇದರ ಜೊತೆ ಕೊನೆಯ ಅರ್ಧ ಗಂಟೆಯಲ್ಲಿ ಇನ್ನೊಂದು ಸಂಖ್ಯೆ ನೋಡುತ್ತೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ವರ್ಷಗಟ್ಟಲೆ ಕೂತು ಕಂಡುಕೊಂಡಿದ್ದು.

ಹೊರಬರುವ ದಿನ ಕೊಳ್ಳುವ ಮುಂಚೆಯೇ ಗೊತ್ತಿರುತ್ತದೆ. ಆಂಕರ್‌ಗಳ ಅರ್ಧ ಷೇರು 30 ದಿನಕ್ಕೆ, ಉಳಿದರ್ಧ 90 ದಿನಕ್ಕೆ ಬಿಡುಗಡೆ. ಬಹಳ ಜನ ಲಿಸ್ಟಿಂಗ್ ದಿನದಿಂದ ಎಣಿಸುತ್ತಾರೆ. ಎಣಿಸಬೇಕಾದದ್ದು ಅಲಾಟ್‌ಮೆಂಟ್ ದಿನದಿಂದ. ಈಗ ಇಶ್ಯೂ ಮುಗಿದ ಮೂರನೇ ವಹಿವಾಟಿನ ದಿನ ಲಿಸ್ಟಿಂಗ್, ಅಲಾಟ್‌ಮೆಂಟ್ ಅದಕ್ಕೆ ಎರಡು ದಿನ ಮುಂಚೆ. ಹಾಗಾಗಿ ನೀವಂದುಕೊಂಡದ್ದಕ್ಕಿಂತ ಕನಿಷ್ಠ ಎರಡು ದಿನ ಮೊದಲೇ ಷೇರು ಮಾರುಕಟ್ಟೆಗೆ ಬೀಳಬಹುದು. ನಾನು ಆ ದಿನಕ್ಕೆ ಎರಡು ವಹಿವಾಟಿನ ದಿನ ಇರುವಾಗಲೇ ಪೂರ್ತಿ ಖಾಲಿ ಮಾಡುತ್ತೇನೆ, ಲಾಭವೋ ನಷ್ಟವೋ. ಓಲಾದಲ್ಲಿ ಎರಡು ವಾರದೊಳಗೆ 157 ನೋಡಿದವರು ಇನ್ನೂ ಏರುತ್ತದೆ ಅಂತ ಕೂತರು. ಅದೇ ವರ್ಷ ನವೆಂಬರ್‌ನಲ್ಲಿ ಅದು ಇಶ್ಯೂ ಬೆಲೆ 76ಕ್ಕಿಂತ ಕೆಳಗಿತ್ತು.

ಲಾಕ್-ಇನ್ ಮುಗಿದ ದಿನದ ಕುಸಿತದಲ್ಲಿ ಕೊಳ್ಳುವುದನ್ನೂ ಈಚೆಗೆ ಸಣ್ಣ ಮೊತ್ತದಲ್ಲಿ ನೋಡುತ್ತಿದ್ದೇನೆ. 30ನೇ ದಿನದ್ದು ಅಷ್ಟು ಸರಿ ಬರುತ್ತಿಲ್ಲ. ಆಂಕರ್‌ಗಳು ಒಂದೇ ದಿನ ಮಾರುವುದಿಲ್ಲ, ವಾರಗಟ್ಟಲೆ ಸ್ವಲ್ಪ ಸ್ವಲ್ಪ ಬಿಡುತ್ತಾರೆ. ಮೊದಲ ದಿನ ಶೇ 4 ಇಳಿದದ್ದು ಅಗ್ಗ ಅಂತ ಕೊಂಡರೆ ಮುಂದಿನ ವಾರ ಇನ್ನೂ ಶೇ 6 ಇಳಿದಿರುತ್ತದೆ. 90ನೇ ದಿನದ್ದು ಪರವಾಗಿಲ್ಲ ಅನ್ನಿಸುತ್ತಿದೆ, ಅಷ್ಟೊತ್ತಿಗೆ ಒಂದು ತ್ರೈಮಾಸಿಕದ ಫಲಿತಾಂಶ ಬಂದಿರುತ್ತದೆ, ದಿನದ ವಾಲ್ಯೂಮೂ ಒಂದು ಮಟ್ಟಕ್ಕೆ ನಿಂತಿರುತ್ತದೆ. ಅಲ್ಲಿಗೆ ಒಂದು ಷೇರಿಗೆ 25 ಸಾವಿರಕ್ಕಿಂತ ಜಾಸ್ತಿ ಇನ್ನೂ ಹಾಕಿಲ್ಲ.