ಟ್ರ್ಯಾಕಿಂಗ್ ನಂಬರ್ ಬಂತು, ರೇನ್‌ಕೋಟ್ ಬರಲಿಲ್ಲ

"ತಮ್ಮಾ, ಮಳೆ ಬಂತು, ನಿನ್ನ ರೇನ್‌ಕೋಟ್ ಬರ್ಲಿಲ್ಲಲ್ಲ ಮಾರಾಯ."

2024ರ ಜೂನ್‌ನಲ್ಲಿ ಕುಮಟಾ ಕಡೆಯ ಒಬ್ಬ ಹಿರಿಯರು ಫೋನ್ ಮಾಡಿ ಹೇಳಿದ ಮಾತು ಇದು. ಅವರು ಬೈಯಲಿಲ್ಲ, ನಕ್ಕೊಂಡೇ ಹೇಳಿದರು. ನನಗೆ ಬೈದಿದ್ದರೇ ಒಳ್ಳೆಯದಿತ್ತು ಅನಿಸಿತು. ಯಾಕಂದ್ರೆ ಅವತ್ತು ಬೆಳಿಗ್ಗೆಯೇ ಅವರಿಗೆ "ನಿಮ್ಮ ಪಾರ್ಸೆಲ್ ಹೊರಟಿದೆ, ಟ್ರ್ಯಾಕಿಂಗ್ ನಂಬರ್ ಇಲ್ಲಿದೆ" ಅಂತ ಮೆಸೇಜ್ ಹಾಕಿದ್ದೆ. ಹೊರಟಿರಲಿಲ್ಲ.

ನಾನು ಶಿರಸಿಯಲ್ಲಿ ಕೂತು ಸಣ್ಣದೊಂದು ವೆಬ್‌ಸೈಟ್ ಮೂಲಕ ಡ್ರಾಪ್‌ಶಿಪ್ಪಿಂಗ್ ಮಾಡುತ್ತೇನೆ. ಮಾಲು ನನ್ನ ಹತ್ತಿರ ಇರುವುದಿಲ್ಲ. ಆರ್ಡರ್ ನನಗೆ ಬರುತ್ತದೆ, ದೆಹಲಿಯ ಸಪ್ಲೈಯರ್ ಅಲ್ಲಿಂದಲೇ ಪ್ಯಾಕ್ ಮಾಡಿ ಗ್ರಾಹಕರಿಗೆ ಕಳಿಸುತ್ತಾನೆ. ಆ ವರ್ಷ ಹಿಡಿದದ್ದು ಪ್ಯಾಂಟು-ಜಾಕೆಟ್ ಜೋಡಿಯ ರೇನ್‌ಕೋಟ್. ನಮ್ಮ ಜಿಲ್ಲೆಯಲ್ಲಿ ಜೂನ್ ತಿಂಗಳಲ್ಲಿ ಇದನ್ನು ಮಾರುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಕಾಗಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಮನೆ ವಿಳಾಸಕ್ಕೇ ಒಂದು ತರಿಸಿ ನೋಡಿದ್ದೆ. ಆರು ದಿನಕ್ಕೆ ಬಂತು, ಹೊಲಿಗೆ ಗಟ್ಟಿ ಇತ್ತು, ಬಕೆಟ್ ನೀರು ಸುರಿದು ನೋಡಿದರೂ ಒಳಗೆ ತೇವ ಆಗಲಿಲ್ಲ. ಸರಿ ಅಂತ ಜಾಹೀರಾತು ಹಾಕಿದೆ.

ಹತ್ತು ದಿನದಲ್ಲಿ 61 ಆರ್ಡರ್ ಬಂದವು. ಅದರಲ್ಲಿ 23 ಮೊದಲೇ ದುಡ್ಡು ಕಟ್ಟಿದ್ದು, 38 ಸಿಒಡಿ, ಅಂದರೆ ಮಾಲು ಕೈ ಸೇರಿದಾಗ ದುಡ್ಡು ಕೊಡುವುದು. ಸಪ್ಲೈಯರ್ ಪ್ರತಿ ಆರ್ಡರಿಗೂ ಒಂದು ಟ್ರ್ಯಾಕಿಂಗ್ ನಂಬರ್ ಹಾಕುತ್ತಾ ಹೋದ. ನಾನು ಅದನ್ನು ಗ್ರಾಹಕರಿಗೆ ಕಳಿಸುತ್ತಾ ಹೋದೆ. ತಪ್ಪು ಆಗಿದ್ದು ಇಲ್ಲೇ.

ಟ್ರ್ಯಾಕಿಂಗ್ ನಂಬರ್ ಅಂದರೆ ಏನು ಅಂತ ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಸಪ್ಲೈಯರ್ ತನ್ನ ಕಂಪ್ಯೂಟರಿನಲ್ಲಿ ಲೇಬಲ್ ಪ್ರಿಂಟಿಗೆ ಕೊಟ್ಟ ಕ್ಷಣವೇ ಆ ನಂಬರ್ ಹುಟ್ಟುತ್ತದೆ. ಅದನ್ನು ಅಂಟಿಸುವುದಕ್ಕೆ ಪಾರ್ಸೆಲ್ ಇರಬೇಕು ಅಂತೇನೂ ಇಲ್ಲ. ಕೊರಿಯರ್ ಹುಡುಗ ಬಂದು ಎತ್ತಿಕೊಂಡು ಹೋಗಿ, ಅವರ ಹಬ್‌ನಲ್ಲಿ ಮೊದಲ ಸಲ ಸ್ಕ್ಯಾನ್ ಮಾಡಿದಾಗ ಮಾತ್ರ ಮಾಲು ನಿಜವಾಗಿ ಹೊರಟಂತೆ. ಕುಮಟಾದವರ ಫೋನ್ ಇಟ್ಟ ಮೇಲೆ ಕೊರಿಯರ್ ಕಂಪನಿಯ ಸೈಟಿಗೇ ಹೋಗಿ ಅವರ ನಂಬರ್ ಹಾಕಿ ನೋಡಿದೆ. `Manifested` ಅಂತ ಒಂದೇ ಸಾಲು, ಅದೂ ಎಂಟು ದಿನ ಹಿಂದಿನದು. ಅದರ ಕೆಳಗೆ ಏನೂ ಇಲ್ಲ. ಅಂದರೆ ಲೇಬಲ್ ಆಗಿದೆ, ಪಿಕಪ್ ಆಗಿಲ್ಲ. ಮುಂದಿನ ನಂಬರ್ ಹಾಕಿದೆ, ಅದೇ. ಅದರ ಮುಂದಿನದೂ ಅದೇ. ರಾತ್ರಿ ಹನ್ನೊಂದರ ತನಕ ಕೂತು 61ನ್ನೂ ನೋಡಿದೆ. ಹೊರಟಿದ್ದು 14 ಮಾತ್ರ. 47 ಬರೀ ಕಾಗದದ ಮೇಲೆ.

ಸಪ್ಲೈಯರಿಗೆ ವಾಟ್ಸಾಪ್ ಮಾಡಿದರೆ "ಆಜ್ ನಿಕಲ್ ಜಾಯೇಗಾ ಭಾಯಿ" ಅಂದ. ಮಾರನೇ ದಿನವೂ ಅದೇ ಉತ್ತರ. ಮೂರನೇ ದಿನ ನಾನು ಬುದ್ಧಿ ಬಂದವನಂತೆ, "ಗೋಡೌನಿನಲ್ಲಿ ಎಲ್ ಸೈಜ್ ಎಷ್ಟಿದೆ, ಈಗಲೇ ಒಂದು ವಿಡಿಯೋ ಕಳಿಸಿ" ಅಂತ ಕೇಳಿದೆ. ವಿಡಿಯೋ ಬರಲಿಲ್ಲ. ಸ್ಟಾಕ್ ಮುಗಿದಿತ್ತು ಅಷ್ಟೇ. ಆರ್ಡರ್ ಕೈ ತಪ್ಪಬಾರದು ಅಂತ ಲೇಬಲ್ ಮಾಡಿ ಇಟ್ಟುಕೊಂಡು, ಹೊಸ ಲಾಟ್ ಬಂದಾಗ ಕಳಿಸಿದರಾಯ್ತು ಅಂತ ಕೂತಿದ್ದ. ಅವನಿಗೆ ನನ್ನಂಥವರು ನೂರು ಜನ ಇರಬಹುದು. ಏಪ್ರಿಲ್‌ನಲ್ಲಿ ತರಿಸಿದ ಒಂದು ಪೀಸ್ ಅವನ ಮಾಲು ಚೆನ್ನಾಗಿದೆ ಅಂತ ತೋರಿಸಿತ್ತು, ಮಳೆಗಾಲದಲ್ಲಿ ಅವನ ಹತ್ತಿರ ಮಾಲು ಇರುತ್ತದಾ ಅನ್ನುವುದನ್ನು ತೋರಿಸಿರಲಿಲ್ಲ.

ಅವತ್ತು ರಾತ್ರಿಯೇ ಜಾಹೀರಾತು ನಿಲ್ಲಿಸಿದೆ. ಇಷ್ಟರಲ್ಲಿ ಫೋನ್ ಶುರುವಾಗಿತ್ತು.

ಮೊದಲ ಎರಡು ದಿನ ನಾನು ಕೊಟ್ಟ ಉತ್ತರ ನೆನೆಸಿಕೊಂಡರೆ ಈಗ ನಾಚಿಕೆ. "ನಿಮ್ಮ ಆರ್ಡರ್ ಪ್ರೊಸೆಸ್‌ನಲ್ಲಿದೆ, ದಯವಿಟ್ಟು ಸಹಕರಿಸಿ." ಇದನ್ನು ಓದಿದವರಿಗೆ ಸಿಟ್ಟು ಜಾಸ್ತಿ ಆಯಿತೇ ಹೊರತು ಕಡಿಮೆ ಆಗಲಿಲ್ಲ, ಯಾಕಂದ್ರೆ ಅದರಲ್ಲಿ ತಾರೀಖು ಇಲ್ಲ, ಕಾರಣ ಇಲ್ಲ, ಏನು ಮಾಡಬಹುದು ಅನ್ನುವುದೂ ಇಲ್ಲ. ಆಮೇಲೆ ಕೂತು ಹೊಸ ಮೆಸೇಜ್ ಬರೆದೆ. ದೂರು ಕೊಟ್ಟವರಿಗೆ ಮಾತ್ರ ಅಲ್ಲ, 47 ಜನಕ್ಕೂ ಕಳಿಸಿದೆ:

"ನಮಸ್ಕಾರ. ನಿಮ್ಮ ರೇನ್‌ಕೋಟ್ ಹೊರಟಿದೆ ಅಂತ ಹೇಳಿದ್ದೆ, ಅದು ತಪ್ಪು ಮಾಹಿತಿ. ನಮಗೆ ಮಾಲು ಕೊಡುವವರ ಹತ್ತಿರ ಸ್ಟಾಕ್ ಮುಗಿದಿದೆ. ಬೇರೆ ಕಡೆಯಿಂದ ತರಿಸಿ ಈ ಶನಿವಾರ ನಾನೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಬ್ರ್ಯಾಂಡ್ ಬೇರೆ, ಫೋಟೋ ಕೆಳಗಿದೆ. ಬೇಕಾದರೆ 1 ಅಂತ ಕಳಿಸಿ. ಬೇಡವಾದರೆ 2 ಅಂತ ಕಳಿಸಿ, ದುಡ್ಡು ಕಟ್ಟಿದ್ದರೆ ಇವತ್ತೇ ವಾಪಸ್ ಹಾಕುತ್ತೇನೆ."

ಈ 47ರಲ್ಲಿ ಮೊದಲೇ ದುಡ್ಡು ಕಟ್ಟಿದವರು 17. ಅವರಲ್ಲಿ 11 ಮಂದಿ ವಾಪಸ್ ಕೇಳಿದರು, 6 ಮಂದಿ ಕಾಯುತ್ತೇವೆ ಅಂದರು. ಸಿಒಡಿಯ 30ರಲ್ಲಿ 10 ಮಂದಿ ಬೇಕು, 8 ಮಂದಿ ಬೇಡ ಅಂದರು. 12 ಜನ ಉತ್ತರವೇ ಕೊಡಲಿಲ್ಲ. ಆ 12ನ್ನು ನಾನೇ ಕ್ಯಾನ್ಸಲ್ ಮಾಡಿದೆ. ಇದು ಯಾಕೆ ಅಂತ ಒಂದು ಲೆಕ್ಕ ಹೇಳಬೇಕು.

ಮಾರುವ ಬೆಲೆ 899. ಸಪ್ಲೈಯರಿಗೆ 480, ಕೊರಿಯರಿಗೆ 75, ಸಿಒಡಿ ಚಾರ್ಜ್ 35, ಒಂದು ಆರ್ಡರ್ ಬರುವುದಕ್ಕೆ ಜಾಹೀರಾತಿನ ಖರ್ಚು ಸುಮಾರು 140. ಉಳಿಯುವುದು 169. ಅದೇ ಗ್ರಾಹಕರು ಬಾಗಿಲಲ್ಲಿ ಬೇಡ ಅಂದರೆ ಹೋಗುವ 75, ಬರುವ 65, ಜಾಹೀರಾತಿನ 140 ಸೇರಿ 280 ನನ್ನ ಕೈಯಿಂದ. ಒಂದು ವಾಪಸ್ ಬಂದರೆ ಒಂದೂವರೆ ಮಾರಾಟದ ಲಾಭಕ್ಕಿಂತ ಜಾಸ್ತಿ ಹೋಯಿತು. ತಡವಾದ ಸಿಒಡಿ ಪಾರ್ಸೆಲ್ ಅಂತೂ ವಾಪಸ್ ಬರುವುದು ಹೆಚ್ಚು. ಅಷ್ಟರಲ್ಲಿ ಅವರು ಪೇಟೆಗೆ ಹೋಗಿ ತಂದುಕೊಂಡಿರುತ್ತಾರೆ, ಮಳೆ ಕಾಯುತ್ತದಾ? ಮೆಸೇಜಿಗೂ ಫೋನಿಗೂ ಉತ್ತರ ಕೊಡದವರಿಗೆ ಮಾಲು ಕಳಿಸುವುದು ಸುಮ್ನೆ ದುಡ್ಡು ಸುಟ್ಟ ಹಾಗೆ.

ಕಾಯುತ್ತೇವೆ ಅಂದ 16 ಜನಕ್ಕೆ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಹೋಲ್‌ಸೇಲ್ ಅಂಗಡಿಯಲ್ಲಿ ಪೀಸಿಗೆ 560 ಕೊಟ್ಟು ತಂದೆ. ಶನಿವಾರ ಪೋಸ್ಟ್ ಆಫೀಸಿನಲ್ಲಿ ಸಾಲಿನಲ್ಲಿ ನಿಂತು ಕಳಿಸಿದೆ. ದುಡ್ಡು ಕಟ್ಟದ 10 ಜನಕ್ಕೆ "ಕೈ ಸೇರಿದ ಮೇಲೆ ಯುಪಿಐ ಮಾಡಿ" ಅಂದೆ. ಹತ್ತೂ ಜನ ಮಾಡಿದರು. ಇದನ್ನು ಎಲ್ಲರೂ ಮಾಡಿ ಅಂತ ಹೇಳುತ್ತಿಲ್ಲ, ನನ್ನ ಅದೃಷ್ಟ ಚೆನ್ನಾಗಿತ್ತು. ಪೋಸ್ಟೇ ಯಾಕೆ ಅಂದರೆ ನಮ್ಮ ಘಟ್ಟದ ಹಳ್ಳಿಗಳಿಗೆ ಖಾಸಗಿ ಕೊರಿಯರ್ ಎಷ್ಟೋ ಸಲ ಹೋಗುವುದೇ ಇಲ್ಲ. "ಗ್ರಾಹಕರು ಸಿಗಲಿಲ್ಲ" ಅಂತ ಆ್ಯಪ್‌ನಲ್ಲಿ ಒತ್ತಿ ಬಿಡುತ್ತಾರೆ. ಗ್ರಾಹಕರು ಇಡೀ ದಿನ ಮನೆಯಲ್ಲೇ ಇರುತ್ತಾರೆ, ಒಂದು ಫೋನೂ ಬಂದಿರುವುದಿಲ್ಲ. ಅದೇ ದಿನ ಗ್ರಾಹಕರಿಗೆ ಫೋನ್ ಮಾಡಿ ಕೇಳಿ, ಮತ್ತೊಮ್ಮೆ ಪ್ರಯತ್ನಿಸಿ ಅಂತ ಪ್ಯಾನೆಲ್‌ನಲ್ಲಿ ಹಾಕದಿದ್ದರೆ ಪಾರ್ಸೆಲ್ ವಾಪಸ್ ತಿರುಗುತ್ತದೆ. ಮೊದಲು ಹೊರಟ 14ರಲ್ಲಿ ಮೂರು ಹೀಗೇ ವಾಪಸ್ ಹೋದವು.

ರಿಫಂಡ್ ವಿಷಯದಲ್ಲಿ ಇನ್ನೊಂದು ಪೆಟ್ಟು ತಿಂದೆ. ದಾವಣಗೆರೆಯ ಒಬ್ಬರು ಫೋನಿನಲ್ಲಿ ತುಂಬ ಕೂಗಾಡಿದರು. ತಲೆ ಕೆಟ್ಟು ನನ್ನ ಫೋನಿನಿಂದಲೇ 899 ಯುಪಿಐ ಮಾಡಿಬಿಟ್ಟೆ. ಅವರು ಅಷ್ಟರಲ್ಲೇ ಬ್ಯಾಂಕಿಗೆ ದೂರು ಕೊಟ್ಟಾಗಿತ್ತು. ಮೂರು ವಾರ ಬಿಟ್ಟು, ಸೈಟಿನಲ್ಲಿ ಗ್ರಾಹಕರು ಕಟ್ಟುವ ದುಡ್ಡನ್ನು ನನಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಕಂಪನಿ ನನ್ನ ಖಾತೆಯಿಂದ ಅದೇ 899 ಮತ್ತೆ ಕತ್ತರಿಸಿತು. ಸ್ಕ್ರೀನ್‌ಶಾಟ್ ಕಳಿಸಿದರೂ ಕೇಳಲಿಲ್ಲ, ಮೂಲ ಪಾವತಿಗೂ ಈ ಯುಪಿಐಗೂ ಸಂಬಂಧ ಇದೆ ಅಂತ ಅವರ ದಾಖಲೆಯಲ್ಲಿ ಎಲ್ಲೂ ಇಲ್ಲವಲ್ಲ. ಅಲ್ಲಿಂದ ಯಾರು ಎಷ್ಟೇ ಕೂಗಲಿ, ಆನ್‌ಲೈನ್ ಕಟ್ಟಿದ ದುಡ್ಡನ್ನು ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲಿ ಆ ಆರ್ಡರ್ ತೆರೆದು ರಿಫಂಡ್ ಒತ್ತಿಯೇ ಕೊಡುತ್ತೇನೆ. ಖಾತೆಗೆ ಬರುವುದಕ್ಕೆ ಕೆಲವು ದಿನ ಹಿಡಿಯುತ್ತದೆ ಅಂತ ಮೊದಲೇ ಹೇಳಿ, ಅಲ್ಲಿ ಸಿಗುವ ರೆಫರೆನ್ಸ್ ನಂಬರ್ ಕಳಿಸುತ್ತೇನೆ. ಆ ನಂಬರ್ ಹಿಡಿದುಕೊಂಡು ಅವರು ತಮ್ಮ ಬ್ಯಾಂಕಿನಲ್ಲೇ ಕೇಳಬಹುದು. "ದುಡ್ಡು ಬಂದಿಲ್ಲ" ಅನ್ನುವ ಎರಡನೇ ಸುತ್ತಿನ ಫೋನ್ ಇದರಿಂದಲೇ ಮುಕ್ಕಾಲು ಪಾಲು ನಿಂತಿತು.

ಜುಲೈ 16ಕ್ಕೆ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ 66 ಬಂದ್ ಆಯಿತು. ಆಗ ಹಳೇ ದೂರು ಒಂದೆರಡು ಇನ್ನೂ ಬಾಕಿ ಇದ್ದವು. ಪರಿಚಯದವನೊಬ್ಬ, "ರಸ್ತೆ ಬಂದ್ ಅಂತ ಹೇಳಿಬಿಡು, ಯಾರು ನೋಡ್ತಾರೆ" ಅಂದ. ದೆಹಲಿಯಿಂದ ಹೊರಡದೇ ಇದ್ದ ಮಾಲಿಗೆ ಶಿರೂರಿನ ಮಣ್ಣು ಅಡ್ಡ ಬಂತು ಅಂತ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ನಿಯಮದ ಪ್ರಕಾರವೂ ಅದು ನಡೆಯುವುದಿಲ್ಲ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣೆ ನಿಯಮಗಳಲ್ಲಿ, ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಕೈಮೀರಿದ ಕಾರಣಕ್ಕೆ ತಡವಾದರೆ ವಿನಾಯಿತಿ ಇದೆ, ಆದರೆ ಸಪ್ಲೈಯರ್ ಹತ್ತಿರ ಸ್ಟಾಕ್ ಇಲ್ಲದಿರುವುದು ಅಂಥ ಕಾರಣ ಅಲ್ಲ. ದೂರು ಬಂದ 48 ಗಂಟೆ ಒಳಗೆ ತಲುಪಿತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಗ್ರಾಹಕರು ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ನನ್ನ ಹೆಸರು ಹೇಳುತ್ತಾರೆ, ದೆಹಲಿಯವನದ್ದಲ್ಲ. ಅವನು ಯಾರು ಅಂತಲೇ ಅವರಿಗೆ ಗೊತ್ತಿಲ್ಲ.

ಒಟ್ಟು ಲೆಕ್ಕದಲ್ಲಿ ಆ ಜೂನ್‌ನಲ್ಲಿ ನನಗೆ ಎರಡು ಸಾವಿರದ ಆಚೆ ಈಚೆ ನಷ್ಟ. ಅದು ದೊಡ್ಡದಲ್ಲ. ಕಷ್ಟ ಆಗಿದ್ದು ಬೇರೆ. ಆ 17 ಆರ್ಡರಿಗೆ ನಾನು ಮುಂಗಡ ಕಟ್ಟಿದ 9,435 ರೂಪಾಯಿ ಸಪ್ಲೈಯರ್ ಪ್ಯಾನೆಲ್‌ನಲ್ಲಿ ಸಿಕ್ಕಿಕೊಂಡಿತ್ತು, ಕಾಡಿ ಬೇಡಿ ವಾಪಸ್ ಬರುವುದಕ್ಕೆ 40 ದಿನ ಆಯಿತು. ಗ್ರಾಹಕರಿಗೆ ಮಾತ್ರ ನಾನು ಅವತ್ತೇ ಕೊಟ್ಟಿದ್ದೆ. ಮನೆಯಲ್ಲಿ ಅಡಿಕೆ ಮಾರಿದ ದುಡ್ಡು ಇತ್ತು, ನಡೆಯಿತು. ಇಲ್ಲದಿದ್ದರೆ? ಈಗ ಆನ್‌ಲೈನ್ ಬಂದ ದುಡ್ಡಿನಲ್ಲಿ ಮಾಲು ತಲುಪುವ ತನಕ ಒಂದು ರೂಪಾಯಿಯೂ ಮುಟ್ಟುವುದಿಲ್ಲ.

ಈಗ ದಿನಾ ಸಂಜೆ ಅರ್ಧ ಗಂಟೆ ಒಂದು ಶೀಟ್ ತುಂಬುತ್ತೇನೆ. ಆರ್ಡರ್ ದಿನ, ಲೇಬಲ್ ದಿನ, ಮೊದಲ ಸ್ಕ್ಯಾನ್ ದಿನ. ಲೇಬಲ್ ಆಗಿ 48 ಗಂಟೆಯಾದರೂ ಸ್ಕ್ಯಾನ್ ಇಲ್ಲದಿದ್ದರೆ ಆ ಸಾಲು ಕೆಂಪು. ಒಂದು ಕೆಂಪು ಬಂದರೆ ಸಪ್ಲೈಯರಿಗೆ ಫೋನ್, ಮೂರು ಬಂದರೆ ಜಾಹೀರಾತು ಬಂದ್. ಮೊದಲ ಸ್ಕ್ಯಾನ್ ಆಗದೆ ಗ್ರಾಹಕರಿಗೆ ಟ್ರ್ಯಾಕಿಂಗ್ ನಂಬರ್ ಕಳಿಸುವುದೇ ಇಲ್ಲ. ಸೈಟಿನಲ್ಲಿ "3ರಿಂದ 5 ದಿನ" ಅಂತ ಇದ್ದದ್ದನ್ನು "7ರಿಂದ 10 ದಿನ" ಮಾಡಿದೆ. ಆರ್ಡರ್ ಸ್ವಲ್ಪ ಕಡಿಮೆ ಆಯಿತು, ಫೋನ್ ಅದಕ್ಕಿಂತ ಜಾಸ್ತಿ ಕಡಿಮೆ ಆಯಿತು.

ರೇನ್‌ಕೋಟ್ ಮಾತ್ರ ಡ್ರಾಪ್‌ಶಿಪ್ ಮಾಡುವುದು ಬಿಟ್ಟೆ. ಹತ್ತು ದಿನ ತಡವಾದರೆ ಬೆಲೆಯೇ ಇಲ್ಲದ ಮಾಲಿಗೆ ಈ ಪದ್ಧತಿ ಆಗುವುದಿಲ್ಲ. ಈಗ ಮೇ ತಿಂಗಳಲ್ಲೇ 40 ಪೀಸ್ ತಂದು ಮೆತ್ತಿನ ಮೇಲೆ ಅಡಿಕೆ ಚೀಲದ ಪಕ್ಕ ಇಟ್ಟುಕೊಳ್ಳುತ್ತೇನೆ. ಕುಮಟಾದ ಹಿರಿಯರು ಕಳೆದ ಮಳೆಗಾಲಕ್ಕೆ ಮತ್ತೆ ಫೋನ್ ಮಾಡಿ ಎರಡು ಕೇಳಿದರು. ದುಡ್ಡು ಮಾತ್ರ ಮೊದಲೇ ಹಾಕಲಿಲ್ಲ. "ಬಂದ ಮೇಲೆ ಹಾಕ್ತೆ" ಅಂದರು.