ಖಾಲಿ ಬಾಕ್ಸ್ ಬಂತು ಅಂದಾಗ: ತೂಕದ ಲೆಕ್ಕ, ಪ್ಯಾಕಿಂಗ್ ವಿಡಿಯೊ

ನಾನು ಮಾರುವುದು ಹಿತ್ತಾಳೆ ದೀಪ. ಒಂದು ಜೋಡಿ 860 ಗ್ರಾಂ. ಬಾಕ್ಸ್, ಬಬಲ್ ರ‍್ಯಾಪ್, ಟೇಪ್ ಸೇರಿ 190 ಗ್ರಾಂ. ಕಟ್ಟಿದ ಪಾರ್ಸೆಲ್ 1,050 ಗ್ರಾಂ. ಗಿರಾಕಿ "ಖಾಲಿ ಬಾಕ್ಸ್ ಬಂದಿದೆ" ಅಂದಾಗ ಈ ಮೂರು ಅಂಕಿ ಕೈಯಲ್ಲಿರಬೇಕು.

ಹೊಸಬರು ಎಡವುವುದು ಇಲ್ಲೇ: ಕೊರಿಯರ್ ಬಿಲ್‌ನಲ್ಲಿರುವ ತೂಕವನ್ನೇ ಸಾಕ್ಷಿ ಅಂತ ಕಳಿಸಿಬಿಡುತ್ತಾರೆ. ನನ್ನ ಬಾಕ್ಸ್ 30×20×15 ಸೆಂ.ಮೀ. ಕೊರಿಯರ್‌ನವರು ಬಾಕ್ಸಿನ ಗಾತ್ರದಿಂದಲೂ ಒಂದು ತೂಕ ಲೆಕ್ಕ ಹಾಕುತ್ತಾರೆ: ಈ ಮೂರು ಅಳತೆ ಗುಣಿಸಿ 5000ದಿಂದ ಭಾಗಿಸಿದರೆ 1.8 ಕೆಜಿ. ನಿಜವಾದ ತೂಕಕ್ಕಿಂತ ಇದು ಹೆಚ್ಚಿರುವುದರಿಂದ ಬಿಲ್ ಆಗುವುದು ಇದರ ಮೇಲೆ. ಒಳಗೆ ದೀಪ ಇದ್ದರೂ ಅಷ್ಟೇ, ಬರೀ ಗಾಳಿ ಇದ್ದರೂ ಅಷ್ಟೇ! ಹಾಗಾಗಿ ನಾನು ಕೇಳುವುದು ಕೊರಿಯರ್‌ನವರು ಪಾರ್ಸೆಲ್ ವಿಂಗಡಿಸುವ ಹಬ್‌ನ ತಕ್ಕಡಿ ತೋರಿಸಿದ ನಿಜವಾದ ತೂಕ: ಹೊರಟ ಹಬ್‌ನದು ಒಂದು, ಗಿರಾಕಿಯ ಊರಿನ ಹಬ್‌ನದು ಇನ್ನೊಂದು. ಎಲ್ಲ ಹಬ್‌ನಲ್ಲೂ ತೂಗುವುದಿಲ್ಲ, ಆದರೂ ಬರವಣಿಗೆಯಲ್ಲಿ ಕೇಳಿಯೇ ಇಡುತ್ತೇನೆ.

ಎರಡೂ ಕಡೆ 1.05 ಆಸುಪಾಸು ಇದ್ದರೆ ಅಲ್ಲಿಯವರೆಗೆ ಮಾಲು ಒಳಗಿತ್ತು ಎನ್ನಬಹುದು. ಉಳಿಯುವುದು ಡೆಲಿವರಿ ಹುಡುಗ ಮತ್ತು ಗಿರಾಕಿಯ ಮನೆ. ಎರಡನೆಯದು 0.2 ಬಂದಿದ್ದರೆ ದಾರಿಯಲ್ಲೇ ಹೋಗಿದೆ. ಆಗ ಗಿರಾಕಿಯ ಜೊತೆ ವಾದ ಬೇಡ, ದುಡ್ಡು ವಾಪಸ್ ಕೊಟ್ಟು ಕೊರಿಯರ್ ಮೇಲೆ ಕ್ಲೇಮ್ ಹಾಕಬೇಕು. ದೀಪ ತೆಗೆದು ಅಷ್ಟೇ ತೂಕದ ಕಲ್ಲು ಇಟ್ಟಿದ್ದರೆ ತಕ್ಕಡಿಗೆ ಗೊತ್ತಾಗುವುದಿಲ್ಲ. 20 ಗ್ರಾಂ ಕಿವಿಯೋಲೆ ಮಾರುವವರಿಗೂ ಇದು ಅಷ್ಟಾಗಿ ನೆರವಾಗದು, ಹಬ್‌ನ ತಕ್ಕಡಿಯ ಏರುಪೇರಿನಲ್ಲೇ ಅಷ್ಟು ಮುಚ್ಚಿಹೋಗಬಹುದು.

ವಿಡಿಯೊಗೆ ಫೋನನ್ನು ಮೇಜಿನ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿರುತ್ತೇನೆ. ಖಾಲಿ ಬಾಕ್ಸ್ ತೋರಿಸಿ, ದೀಪ ಇಟ್ಟು, ಕೆಳಗೆ ಮೇಲೆ ಎರಡೂ ಕಡೆ ಅಂಗಡಿ ಹೆಸರಿನ ಟೇಪ್ ಹಚ್ಚಿ, ಲೇಬಲ್ ಅಂಟಿಸಿ, ಆಮೇಲೆ ತಕ್ಕಡಿಗೆ ಇಡುವುದು. ಎಲ್ಲ ಒಂದೇ ಶಾಟ್‌ನಲ್ಲಿ, ಬಾಕ್ಸ್ ಒಮ್ಮೆಯೂ ಫ್ರೇಮ್‌ನಿಂದ ಆಚೆ ಹೋಗಬಾರದು. ಲೇಬಲ್ ಅಂಟಿಸುವ ಮೊದಲೇ ವಿಡಿಯೊ ನಿಲ್ಲಿಸಿದರೆ ಅದು ಯಾವ ಪಾರ್ಸೆಲ್ಲಿನದೋ ಎಂದು ತಳ್ಳಿಹಾಕುತ್ತಾರೆ. ಫೈಲಿಗೆ ಟ್ರ್ಯಾಕಿಂಗ್ ನಂಬರನ್ನೇ ಹೆಸರಿಡುತ್ತೇನೆ. ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಲೇಬಲ್ಲಿನ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು.

ವಿಡಿಯೊ ನಾನು ಕಟ್ಟಿದ್ದನ್ನು ತೋರಿಸುತ್ತದೆ, ತಲುಪಿದ್ದನ್ನಲ್ಲ. ಅದಕ್ಕೇ ದೂರು ಬಂದ ಕೂಡಲೇ ಗಿರಾಕಿಯಿಂದ ಬಾಕ್ಸಿನ ಆರೂ ಮುಖದ ಫೋಟೊ ಕೇಳಿ ನನ್ನ ವಿಡಿಯೊ ಪಕ್ಕ ಇಟ್ಟು ನೋಡುತ್ತೇನೆ. ಮೊದಲು ನೋಡುವುದು ತಳ. ನನ್ನ ಟೇಪಿನ ಮೇಲೆ ಬೇರೆ ಸಾದಾ ಟೇಪ್ ಕಂಡರೆ, ಅಥವಾ ಟೇಪ್ ಎದ್ದ ಜಾಗದಲ್ಲಿ ರಟ್ಟಿನ ಸಿಪ್ಪೆ ಕಿತ್ತಿದ್ದರೆ, ಆ ಫೋಟೊವನ್ನೂ ಎರಡು ಹಬ್‌ಗಳ ತೂಕವನ್ನೂ ಸೇರಿಸಿ ಕೊರಿಯರ್‌ನವರಿಗೆ ಒಂದೇ ಮೇಲ್‌ನಲ್ಲಿ ಕಳಿಸುತ್ತೇನೆ.